ಬಾಯಿಮಾತಿಗೆ ಅದೇ ದಿನ ಒಂದು ಮೇಲ್

"ಬಾಸ್ ಬಾಯಲ್ಲಿ ಒಂದು ಹೇಳ್ತಾರೆ, ಆಮೇಲೆ ನಾನು ಹೇಳೇ ಇಲ್ಲ ಅಂತ ಎಲ್ಲರ ಮುಂದೆ ಬೈತಾರೆ. ಏನು ಮಾಡಲಿ?"

ಹೇಳಿದ ದಿನವೇ ಎರಡು ಸಾಲಿನ ಮೇಲ್ ಹಾಕಿಬಿಡಿ: "ಸರ್, ನೀವು ಹೇಳಿದಂತೆ ಹಳೇ ಬಾಕಿ ಬಿಟ್ಟು ವರದಿಯನ್ನು ಶುಕ್ರವಾರ ಕಳಿಸುತ್ತೇನೆ. ಬದಲಾವಣೆ ಇದ್ದರೆ ತಿಳಿಸಿ." ಉತ್ತರ ಬರದಿದ್ದರೂ ಅದು ದಾಖಲೆಯೇ. ಬೈದಾಗ ದಿನಾಂಕ, ಅವರಾಡಿದ ಮಾತು ಹಾಗ್ಹಾಗೇ, ಎದುರಿಗಿದ್ದವರ ಹೆಸರು ಬರೆದಿಡಿ. ಬರೀ "ಅವಮಾನ ಮಾಡಿದರು" ಅಂದರೆ ವಿಚಾರಣೆಯಲ್ಲಿ ನಿಲ್ಲೋದು ಕಷ್ಟ. ಆಫೀಸಿನ ಗೋಪ್ಯ ಕಡತಗಳನ್ನು ಮಾತ್ರ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ, ಅದೇ ನಿಮ್ಮ ಮೇಲೆ ತಿರುಗಬಹುದು.

ಮಾರನೇ ದಿನ ಅವರೊಬ್ಬರೇ ಇದ್ದಾಗ, "ತಪ್ಪಿದ್ದರೆ ಒಳಗೆ ಕರೆದು ಹೇಳಿ ಸರ್, ತಿದ್ದಿಕೊಳ್ತೀನಿ" ಅನ್ನಿ. ಆಮೇಲೂ ಅದೇ ನಡೆದರೆ ಎಚ್‌ಆರ್‌ಗೆ ಲಿಖಿತವಾಗಿ ಕೊಡಿ. ಬೆದರಿಕೆ, ಅಸಭ್ಯ ಮಾತು, ಸುಳ್ಳು ಲೆಕ್ಕಕ್ಕೆ ಸಹಿ ಕೇಳೋದು ಶುರುವಾದರೆ ಈ ಮಾತುಕತೆಗೂ ಕಾಯದೆ ನೇರವಾಗಿ ದೂರು ಕೊಡಿ.