ಬಾರ್‌ಕೋಡ್ ಹೋಗಿ ಕ್ವಾಂಟಿಟಿಯಲ್ಲಿ ಕೂರುತ್ತಿದೆ, ಏನು ಮಾಡಲಿ?

ಪ್ರಶ್ನೆ: ಸಿಂಧನೂರಿನಲ್ಲಿ ನಮ್ಮದೊಂದು ಸಣ್ಣ ಕಿರಾಣಿ ಮಾರ್ಟ್ ಇದೆ. ಹೋದ ವಾರದಿಂದ ಸ್ಕ್ಯಾನರ್ ಹೊಡೆದರೆ ನಂಬರಿನ ಮುಂದೆ ಏನೇನೋ ಅಕ್ಷರ ಬರುತ್ತಿವೆ. ಒಂದೊಂದು ಸಲ ನಂಬರ್ ಸರಿ ಬಂದರೂ ಕರ್ಸರ್ ಬೇರೆ ಎಲ್ಲಿಗೋ ಹಾರುತ್ತದೆ, ಮುಂದಿನ ಐಟಂನ ಬಾರ್‌ಕೋಡ್ ಕ್ವಾಂಟಿಟಿಯಲ್ಲಿ ಬೀಳುತ್ತದೆ. ಸ್ಕ್ಯಾನರ್ ಕೆಟ್ಟಿದೆಯಾ? ಹೊಸದು ತಗೋಬೇಕಾ?

ಉತ್ತರ:

ಹೊಸದು ತಗೋಬೇಡಿ. ಲೈಟ್ ಬರುತ್ತಿದೆ, ಬೀಪ್ ಆಗುತ್ತಿದೆ, ನಂಬರೂ ಬೀಳುತ್ತಿದೆ ಅಂದ್ರೆ ಸ್ಕ್ಯಾನರ್ ಸರಿಯಾಗಿಯೇ ಓದುತ್ತಿದೆ. ಅದರ ಸೆಟ್ಟಿಂಗ್ ಯಾರೋ ಬದಲಿಸಿದ್ದಾರೆ ಅಷ್ಟೇ. ಹೆಚ್ಚಾಗಿ ಗೊತ್ತಿಲ್ಲದೆಯೇ.

ನಮ್ಮ ಅಂಗಡಿ ಗಂಗಾವತಿಯಲ್ಲಿದೆ. ಇದೇ ಪಾಡು ನಮಗೂ ಆಗಿತ್ತು. ಒಬ್ಬ ಅಜ್ಜ ಹತ್ತು ರೂಪಾಯಿಯ ಬಿಸ್ಕೀಟು ಮತ್ತು ಒಂದು ಚಹಾಪುಡಿ ತಗೊಂಡ. ಬಿಸ್ಕೀಟು ಸ್ಕ್ಯಾನ್ ಆಯಿತು, ಕರ್ಸರ್ ಕ್ವಾಂಟಿಟಿಗೆ ಹೋಗಿ ನಿಂತಿತ್ತು. ಹುಡುಗ ನೋಡದೆ ಚಹಾಪುಡಿ ಹೊಡೆದ. ಅದರ ಬಾರ್‌ಕೋಡ್ ಕ್ವಾಂಟಿಟಿಯೊಳಗೆ ಬಿತ್ತು. ನಮ್ಮ ಸಾಫ್ಟ್‌ವೇರ್ ಅಲ್ಲಿ ಆರು ಅಂಕಿ ಮಾತ್ರ ತಗೊಳ್ಳುತ್ತಿತ್ತು, ಹಾಗಾಗಿ 8,90,123 ಬಿಸ್ಕೀಟು ಪ್ಯಾಕೆಟ್, ಬಿಲ್ 89,01,230 ರೂಪಾಯಿ. ಅಜ್ಜ ಸ್ಕ್ರೀನ್ ನೋಡಿ, "ಏನ್ರೀ ಸಾವ್ಕಾರ್ರ, ಬಿಸ್ಕೀಟು ತಿನ್ನಾಕ ಹೊಲ ಮಾರ್ಬೇಕೇನ್ರೀ?" ಅಂದ. ನಗು ಬಂತು. ಆದರೆ ಹಿಂದೆ ಲೈನಿನಲ್ಲಿ ಏಳೆಂಟು ಜನ ನಿಂತಿದ್ದರು.

ಒಂದು ವಿಷಯ ತಲೆಯಲ್ಲಿ ಇಟ್ಕೊಳ್ಳಿ. ನಿಮ್ಮ ಯುಎಸ್‌ಬಿ ಸ್ಕ್ಯಾನರ್ ಕಂಪ್ಯೂಟರಿನ ಲೆಕ್ಕದಲ್ಲಿ ಇನ್ನೊಂದು ಕೀಬೋರ್ಡ್. ಬಾರ್‌ಕೋಡ್ ಓದಿ, ಆ ಅಂಕಿಗಳನ್ನು ಸರಸರ ಟೈಪ್ ಮಾಡಿ, ಕೊನೆಗೆ ಒಂದು ಎಂಟರ್ ಒತ್ತುತ್ತದೆ. ಕರ್ಸರ್ ಎಲ್ಲಿದೆಯೋ ಅಲ್ಲಿ ಟೈಪ್ ಮಾಡುತ್ತದೆ, ಅದಕ್ಕೆ ಬಿಲ್ಲಿಂಗ್ ಸ್ಕ್ರೀನ್ ಗೊತ್ತಿಲ್ಲ. ಮುಂದೆ ಏನು ಸೇರಿಸಬೇಕು, ಕೊನೆಗೆ ಎಷ್ಟು ಎಂಟರ್ ಒತ್ತಬೇಕು ಅನ್ನೋದು ಸ್ಕ್ಯಾನರಿನ ಒಳಗೇ ಇರುವ ಸೆಟ್ಟಿಂಗ್.

ಹಾಗಾಗಿ ಮೊದಲು ಬಿಲ್ಲಿಂಗ್ ಸಾಫ್ಟ್‌ವೇರ್ ಪಕ್ಕಕ್ಕಿಡಿ. ನೋಟ್‌ಪ್ಯಾಡ್ ತೆಗೆದು ಒಂದೇ ಪ್ಯಾಕೆಟ್ಟನ್ನು ಎರಡು ಸಲ ಹೊಡೆಯಿರಿ. ಸರಿ ಇದ್ದರೆ ಹೀಗೆ ಒಂದರ ಕೆಳಗೆ ಒಂದು ಬರುತ್ತದೆ (ನಂಬರ್ ಉದಾಹರಣೆಗೆ ಮಾತ್ರ):

```
8901234567890
8901234567890
```

ನಮ್ಮಲ್ಲಿ ಬಂದದ್ದು ಹೀಗೆ:

```
]E08901234567890

]E08901234567890

```

ಎರಡು ತಪ್ಪು ಕಣ್ಣಿಗೆ ಕಾಣುತ್ತಿವೆ ಅಲ್ವಾ? ಮುಂದೆ `]E0` ಸೇರಿದೆ. ಸಾಲುಗಳ ನಡುವೆ ಒಂದು ಸಾಲು ಖಾಲಿ ಬಿದ್ದಿದೆ, ಅಂದ್ರೆ ಎಂಟರ್ ಎರಡು ಸಲ ಬಿದ್ದಿದೆ.

`]E0` ಕಸ ಅಲ್ಲ. ಇದು ಯಾವ ಜಾತಿಯ ಬಾರ್‌ಕೋಡ್ ಅಂತ ಸ್ಕ್ಯಾನರ್ ಹೇಳುವ ಗುರುತು. ಅಂಗಡಿ ಸಾಮಾನಿನ ಮೇಲಿರುವ 13 ಅಂಕಿಯ ಇಎಎನ್-13 ಕೋಡಿಗೆ `]E0`, ನಾವು ಅಂಗಡಿಯಲ್ಲೇ ಪ್ರಿಂಟ್ ಹಾಕುವ ಕೋಡ್ 128 ಸ್ಟಿಕ್ಕರಿಗೆ `]C0` ಬರುತ್ತದೆ. ದೊಡ್ಡ ಗೋದಾಮಿನವರಿಗೆ ಉಪಯೋಗ, ನಮಗೆ ಬರೀ ತಲೆನೋವು. ನಿಮ್ಮಲ್ಲಿ ಮೂರು ಅಕ್ಷರದ ಬದಲು ಒಂದೇ ಇಂಗ್ಲಿಷ್ ಅಕ್ಷರ ಬರುತ್ತಿದ್ದರೆ ಅದೂ ಇದೇ ಥರದ್ದು, ಆದರೆ ಸ್ಕ್ಯಾನರ್ ಕಂಪನಿ ತನ್ನದೇ ಗುರುತು ಇಟ್ಟುಕೊಂಡಿದೆ.

ಇಲ್ಲೊಂದು ಮೋಸ ಇದೆ, ಹುಷಾರು. ನಮ್ಮ ಬಾರ್‌ಕೋಡ್ ಖಾನೆ 13 ಅಕ್ಷರ ಮಾತ್ರ ಹಿಡಿಯುತ್ತಿತ್ತು. ಮುಂದೆ ಮೂರು ಸೇರಿದ್ದರಿಂದ ಹಿಂದಿನ ಮೂರು ಅಂಕಿ ಕತ್ತರಿಸಿ ಹೋಗಿ `]E08901234567` ಅಂತ ಕಾಣುತ್ತಿತ್ತು. ನಾನು ಕೊನೆಯ ಅಂಕಿಗಳನ್ನೇ ನೋಡಿ, ಸ್ಕ್ಯಾನರ್ ಅಂಕಿ ನುಂಗುತ್ತಿದೆ ಅಂತ ಕೇಬಲ್ ಬದಲಿಸಿದೆ. ದುಡ್ಡು ದಂಡ.

ಇನ್ನು ಎರಡು ಎಂಟರ್. ಸ್ಕ್ಯಾನರ್ ಪುಸ್ತಕದಲ್ಲಿ ಇದಕ್ಕೆ `Suffix` ಅಥವಾ `Terminator` ಅಂತ ಹೆಸರು. ಅದರಲ್ಲಿ `CR` ಅಂದ್ರೆ ಒಂದು ಎಂಟರ್. `CR+LF` ಇಟ್ಟರೆ ತುಂಬಾ ಸ್ಕ್ಯಾನರುಗಳು ಎಂಟರ್ ಎರಡು ಸಲ ಒತ್ತುತ್ತವೆ. ಮೊದಲ ಎಂಟರ್‌ಗೆ ಐಟಂ ಬಿಲ್ಲಿಗೆ ಸೇರುತ್ತದೆ, ಎರಡನೆಯದು ಕರ್ಸರ್ ಅನ್ನು ಇನ್ನೊಂದು ಖಾನೆ ಮುಂದೆ ತಳ್ಳುತ್ತದೆ. ನಿಮ್ಮ ಬಾರ್‌ಕೋಡ್ ಕ್ವಾಂಟಿಟಿಯಲ್ಲಿ ಬೀಳುವುದು ಹೀಗೆ. ಕೆಲವು ಸ್ಕ್ಯಾನರುಗಳು ಆ `LF` ಅನ್ನು `Ctrl+J` ಅಂತ ಕಳಿಸುತ್ತವೆ. ನಿಮ್ಮದು ಕ್ರೋಮ್‌ನಲ್ಲಿ ನಡೆಯುವ ಬಿಲ್ಲಿಂಗ್ ಆಗಿದ್ದು, ಸ್ಕ್ಯಾನ್ ಮಾಡಿದಾಗೆಲ್ಲ ಡೌನ್‌ಲೋಡ್ ಪಟ್ಟಿ ತೆರೆದುಕೊಳ್ಳುತ್ತಿದ್ದರೆ ವೈರಸ್ ಅಂತ ಹೆದರಬೇಡಿ, ಕಾರಣ ಇದೇ.

89 ಲಕ್ಷದ ಬಿಲ್ ಆದರೆ ಯಾರಿಗಾದರೂ ಕಾಣುತ್ತದೆ. ಕಾಣದ ನಷ್ಟ ಬೇರೆ ಇದೆ, ಅದನ್ನು ಇವತ್ತೇ ನೋಡಿ. ಒಂದೇ ಬಾರ್‌ಕೋಡಿಗೆ ಎರಡು ಎಂಆರ್‌ಪಿ ಇದ್ದರೆ ಸಾಫ್ಟ್‌ವೇರ್ ಸಣ್ಣ ಪಟ್ಟಿ ತೆಗೆದು ಯಾವುದು ಅಂತ ಕೇಳುತ್ತದೆ. ನಮ್ಮಲ್ಲಿ ಒಂದು ಸೋಪು ಹಳೆಯದು 38, ಹೊಸದು 42 ಇತ್ತು. ಮೊದಲ ಎಂಟರ್‌ಗೆ ಪಟ್ಟಿ ತೆರೆಯುತ್ತಿತ್ತು, ಎರಡನೇ ಎಂಟರ್‌ಗೆ ಮೇಲಿನ ಸಾಲೇ ಆಯ್ಕೆ ಆಗಿ ಪಟ್ಟಿ ಮುಚ್ಚುತ್ತಿತ್ತು. ಮೇಲಿನ ಸಾಲು 38ರದ್ದು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವುದರಿಂದ ಕೌಂಟರಿನ ಹುಡುಗನಿಗೆ ಪಟ್ಟಿ ಬಂದದ್ದೇ ಗೊತ್ತಾಗುತ್ತಿರಲಿಲ್ಲ. ಹಳೆ ಸೋಪು ಖಾಲಿಯಾಗಿ ಎಷ್ಟೋ ದಿನ ಆಗಿತ್ತು. ಸ್ಟಾಕ್ ತೆಗೆದಾಗ 42ರ ಸೋಪು ಕಂಪ್ಯೂಟರಿನಲ್ಲಿ ಪೂರ್ತಿ 72 ಇತ್ತು, ರ‍್ಯಾಕಿನಲ್ಲಿ 11 ಮಾತ್ರ. 38ರದ್ದು ಮೈನಸ್ 61. ಒಂದಕ್ಕೆ ನಾಲ್ಕು ರೂಪಾಯಿಯಂತೆ 244 ರೂಪಾಯಿ ಹೋಗಿತ್ತು, ಅದೂ ಒಂದೇ ಸೋಪಿನಲ್ಲಿ. ನಾನು ಮೊದಲು ಹುಡುಗನ ಮೇಲೆ ಸಂಶಯ ಪಟ್ಟೆ. ಈಗಲೂ ನೆನಸಿಕೊಂಡರೆ ಬೇಜಾರಾಗುತ್ತದೆ. ನಿಮ್ಮ ಸ್ಟಾಕ್ ರಿಪೋರ್ಟಿನಲ್ಲಿ ಹಳೆ ಎಂಆರ್‌ಪಿ ಮೈನಸ್‌ನಲ್ಲಿದ್ದು, ಹೊಸದು ಕದಲದೆ ಕೂತಿದ್ದರೆ ಇದೇ ಆಗಿದೆ ಅಂತ ತಿಳಿಯಿರಿ.

ಸೆಟ್ಟಿಂಗ್ ಬದಲಾದದ್ದು ಹೇಗೆ ಅಂತೀರಾ? ಸ್ಕ್ಯಾನರ್ ಜೊತೆ ಬಾರ್‌ಕೋಡ್ ತುಂಬಿದ ಒಂದು ಹಾಳೆ ಬಂದಿರುತ್ತದಲ್ಲ, ಆ ಒಂದೊಂದು ಕೋಡೂ ಒಂದೊಂದು ಆರ್ಡರ್. ಹೊಡೆದರೆ ಸಾಕು, ಸೆಟ್ಟಿಂಗ್ ಬದಲು. ನಾನು ಬುದ್ಧಿವಂತನ ಹಾಗೆ ಆ ಹಾಳೆಯನ್ನು ಕೌಂಟರಿನ ಪಕ್ಕದ ಗೋಡೆಗೆ ಅಂಟಿಸಿದ್ದೆ. ಒಂದು ದಿನ ಎಂಟರ್ ಬೀಳುವುದು ನಿಂತಿತ್ತಂತೆ. ಹುಡುಗ ಹಾಳೆಯಲ್ಲಿದ್ದ ಒಂದೆರಡು ಕೋಡ್ ಹೊಡೆದು ನೋಡಿದ. ಕೆಲಸ ನಡೆಯಿತು, ಅವನೂ ಸುಮ್ನಾದ. ಸ್ಟ್ಯಾಂಡಿನಲ್ಲಿಟ್ಟು ತಾನೇ ಓದುವ ಆಟೋ ಮೋಡ್‌ನಲ್ಲಿದ್ದರೆ ಯಾರೂ ಮುಟ್ಟಬೇಕಂತಲೂ ಇಲ್ಲ. ಸ್ಕ್ಯಾನರ್ ಗೋಡೆ ಕಡೆ ತಿರುಗಿದರೆ ಸಾಕು.

ಸರಿ ಮಾಡುವುದೂ ಆ ಹಾಳೆಯಿಂದಲೇ. ಹಾಳೆ ಕಳೆದಿದ್ದರೆ ಸ್ಕ್ಯಾನರಿನ ಹಿಡಿಕೆ ಕೆಳಗೋ ಹಿಂದೆಯೋ ಇರುವ ಮಾಡೆಲ್ ನಂಬರ್ ನೋಡಿ, ಅದೇ ಮಾಡೆಲ್‌ನ ಪಿಡಿಎಫ್ ಹುಡುಕಿ. ಬೇರೆ ಕಂಪನಿಯ ಹಾಳೆಯಿಂದ ಹೊಡೆಯಬೇಡಿ. ಪಿಡಿಎಫ್ ಅನ್ನು ಪ್ರಿಂಟ್ ತೆಗೆಸುವುದು ಒಳ್ಳೆಯದು, ಲೇಸರ್ ಸ್ಕ್ಯಾನರುಗಳಿಗೆ ಮೊಬೈಲ್ ಸ್ಕ್ರೀನ್ ಮೇಲಿನ ಕೋಡ್ ಓದಲು ಬರುವುದಿಲ್ಲ. ಹಾಳೆಯಲ್ಲಿ ಕೋಡುಗಳು ಒತ್ತೊತ್ತಾಗಿ ಇರುತ್ತವೆ. ಬೇಕಾದ್ದನ್ನು ಬಿಟ್ಟು ಅಕ್ಕಪಕ್ಕದ್ದನ್ನು ಕೈಯಿಂದಲೋ ರಟ್ಟಿನಿಂದಲೋ ಮುಚ್ಚಿ ಹೊಡೆಯಿರಿ.

ಮುಂದೆ ಬರುವ `]E0` ಥರದ ಗುರುತಿಗೆ ಹಾಳೆಯಲ್ಲಿ `AIM ID` ಅಥವಾ `Code ID` ಅಂತ ಹೆಸರು, ಮೊದಲು ಆ ಪುಟದಲ್ಲಿ `Disable` ಕೋಡ್ ಹೊಡೆಯಿರಿ. ಆಮೇಲೆ `Suffix` ಪುಟದಲ್ಲಿ `CR` ಒಂದನ್ನೇ. ಕೆಲವು ಮಾಡೆಲ್‌ಗಳಲ್ಲಿ ಶುರುವಿಗೆ ಸೆಟಪ್ ಒಳಗೆ ಹೋಗುವ ಕೋಡ್, ಕೊನೆಗೆ ಸೇವ್ ಮಾಡಿ ಹೊರಬರುವ ಕೋಡ್ ಬೇರೆ ಇರುತ್ತವೆ. ಅದನ್ನು ಬಿಟ್ಟರೆ ನೀವು ಮಾಡಿದ್ದು ನಿಲ್ಲುವುದಿಲ್ಲ. ಒಂದೊಂದು ಬದಲಾವಣೆ ಆದ ಮೇಲೂ ನೋಟ್‌ಪ್ಯಾಡಿನಲ್ಲಿ ಹೊಡೆದು ನೋಡಿ.

ಫ್ಯಾಕ್ಟರಿ ರಿಸೆಟ್ ಹೊಡೆದುಬಿಡಿ ಅಂತ ಯಾರಾದರೂ ಹೇಳಬಹುದು. ನನ್ನ ಲೆಕ್ಕದಲ್ಲಿ ಅದು ಕೊನೆಯ ದಾರಿ. ರಿಸೆಟ್ ಆದ ಮೇಲೆ ಎಂಟರ್ ಬರಬೇಕೋ ಬೇಡವೋ ಅನ್ನೋದು ಮಾಡೆಲ್ ಮೇಲೆ ಹೋಗುತ್ತದೆ, ವೈರ್‌ಲೆಸ್ ಆದರೆ ಜೋಡಣೆಯೂ ಬಿಟ್ಟುಹೋಗಬಹುದು.

ನೋಟ್‌ಪ್ಯಾಡಿನಲ್ಲಿ ಎಲ್ಲ ಸರಿ ಬಂದು, ಬಿಲ್ಲಿಂಗ್‌ನಲ್ಲಿ ಮಾತ್ರ ಹಾರುತ್ತಿದ್ದರೆ ಸ್ಕ್ಯಾನರ್ ಬಿಟ್ಟುಬಿಡಿ. ಬಾರ್‌ಕೋಡ್ ಖಾನೆಯಲ್ಲಿ ಕೈಯಿಂದ ನಂಬರ್ ಟೈಪ್ ಮಾಡಿ, ಎಂಟರ್ ಒಂದೇ ಸಲ ಒತ್ತಿ. ಕರ್ಸರ್ ಮುಂದಿನ ಸಾಲಿನ ಬಾರ್‌ಕೋಡಿಗೆ ಬರದೆ ಕ್ವಾಂಟಿಟಿಗೆ ಹೋದರೆ ತಪ್ಪು ಸಾಫ್ಟ್‌ವೇರ್ ಸೆಟ್ಟಿಂಗಿನದು. ಸಾಫ್ಟ್‌ವೇರಿನವರಿಗೆ ಫೋನ್ ಮಾಡಿ, "ಸ್ಕ್ಯಾನ್ ಆದ ಮೇಲೆ ಕ್ವಾಂಟಿಟಿ ಒಂದು ಅಂತ ತಾನೇ ಹಿಡಿದು ಮುಂದಿನ ಸಾಲಿಗೆ ಹೋಗಬೇಕು" ಅಂತ ಇಷ್ಟೇ ಹೇಳಿ. ಸ್ಕ್ಯಾನರ್ ಕೆಟ್ಟಿದೆ ಅಂತ ಶುರು ಮಾಡಿದರೆ ಅವರು ಸ್ಕ್ಯಾನರಿನವರ ಕಡೆ ಕೈ ತೋರಿಸುತ್ತಾರೆ. ಹಾಗೇ ಕ್ವಾಂಟಿಟಿಗೆ ಮೂರು ಅಂಕಿಯ ಮಿತಿ ಹಾಕಿಸಿ.

ಇನ್ನೊಂದು ನೆನಪಾಯಿತು. ಅಂಕಿ ಸರಿ ಬಂದು, ನಿಮ್ಮದೇ ಸ್ಟಿಕ್ಕರಿನ ಅಕ್ಷರ ಮಾತ್ರ ಕೆಟ್ಟರೆ ಕಂಪ್ಯೂಟರಿನಲ್ಲಿ ಕನ್ನಡ ಕೀಬೋರ್ಡ್ ಆನ್ ಇದೆಯಾ ನೋಡಿ. ಸ್ಕ್ಯಾನರ್ ಕಳಿಸುವುದು ಯಾವ ಕೀಲಿ ಒತ್ತಬೇಕು ಅನ್ನೋದನ್ನು ಮಾತ್ರ, ಅದು ಯಾವ ಅಕ್ಷರ ಆಗಬೇಕು ಅಂತ ತೀರ್ಮಾನಿಸುವುದು ವಿಂಡೋಸ್. ಇನ್‌ಸ್ಕ್ರಿಪ್ಟ್ ಆನ್ ಇದ್ದರೆ ದೊಡ್ಡ `K` ಇರುವ ಕಡೆ `ಖ` ಬೀಳುತ್ತದೆ. `Win+Space` ಒತ್ತಿ ಇಂಗ್ಲಿಷಿಗೆ ತನ್ನಿ, ಅಷ್ಟೇ.

ಎಲ್ಲ ಮುಗಿದ ಮೇಲೆ ಬಿಲ್ಲಿಂಗ್ ಸ್ಕ್ರೀನಿನಲ್ಲಿ ಎರಡು ಎಂಆರ್‌ಪಿ ಇರುವ ಒಂದು ಸಾಮಾನು ಹೊಡೆದು ನೋಡಿ. ಪಟ್ಟಿ ತೆರೆದು ನಿಮಗಾಗಿ ಕಾಯುತ್ತಾ ನಿಂತರೆ ಕೆಲಸ ಆಯಿತು. ನಮ್ಮ ಹಾಳೆ ಈಗ ಗೋಡೆ ಮೇಲಿಲ್ಲ. ಬೇಕಾದ ಎರಡು ಕೋಡ್ ಮಾತ್ರ ಕತ್ತರಿಸಿ ಗಲ್ಲಾಪೆಟ್ಟಿಗೆ ಒಳಗಡೆ ಅಂಟಿಸಿದ್ದೇನೆ, ಉಳಿದದ್ದು ಮನೆಯಲ್ಲಿದೆ.