ಮೇಸ್ತ್ರಿ 8 ತಿಂಗಳು ಅಂದಿದ್ದಾರೆ, 10% ಸೇರಿಸಿದರೆ ಸಾಕಾ?

"30×40 ಸೈಟಿನಲ್ಲಿ ಮನೆ ಶುರು ಮಾಡ್ತಿದೀವಿ. ಮೇಸ್ತ್ರಿ 8 ತಿಂಗಳು ಅಂದಿದ್ದಾರೆ. ನಾನೂ ಒಂದೊಂದು ಕೆಲಸ ಬಿಡಿಸಿ ಲೆಕ್ಕ ಹಾಕಿದೆ, ಸರಿಯಾಗೇ ಬರ್ತಿದೆ. ಇದಕ್ಕೆ 10% ಸೇರಿಸಿದ್ರೆ ಸಾಕಾ? ಇನ್ನೂ ವಿವರವಾಗಿ ಲೆಕ್ಕ ಹಾಕೋದು ಹೇಗೆ? ಭೋಗ್ಯದ ಮನೆ ಬಿಡೋಕೆ ಯಾವಾಗ ಹೇಳಲಿ?"

ಭೋಗ್ಯದ ಮನೆಯವರಿಗೆ ಈಗ ಏನೂ ಹೇಳಬೇಡಿ. ನಾನು ಹೇಳಿ ಕೆಟ್ಟೆ.

ನಮ್ಮದೂ 30×40. ತುಮಕೂರಿನ ಹೊರಗೆ ಒಂದು ಲೇಔಟ್. ಮೇಸ್ತ್ರಿಗೆ ಚದರದ ಲೆಕ್ಕದಲ್ಲಿ ಕೂಲಿ ಗುತ್ತಿಗೆ, ಸಾಮಾನು ನಮ್ಮದು. ಅವರೂ 8 ತಿಂಗಳು ಅಂದಿದ್ದರು. ನಾನು ನಂಬಲಿಲ್ಲ, ನಾನೇ ಎಕ್ಸೆಲ್ ಶೀಟ್ ತೆಗೆದು ಕೂತೆ. ಪಾಯ ಅಗೆಯೋದರಿಂದ ಹಿಡಿದು ಗೇಟಿಗೆ ಬಣ್ಣ ಹೊಡೆಯೋವರೆಗೆ 42 ಸಾಲು. ಕ್ಯೂರಿಂಗ್ ದಿನಗಳನ್ನೂ ಬಿಡಲಿಲ್ಲ. ಒಟ್ಟು 8 ತಿಂಗಳಿಗೆ ನಾಲ್ಕೈದು ದಿನ ಕಡಿಮೆಯೇ ಬಂತು. ವಿಜಯದಶಮಿ ಕಳೆದು ಗುದ್ದಲಿ ಪೂಜೆ ಮಾಡಿದೆವು. ಆಷಾಢ ಬರೋ ಮುಂಚೆ, ಜೂನ್ ಮೊದಲ ವಾರ ಗೃಹಪ್ರವೇಶ ಅಂತ ಗೊತ್ತು ಮಾಡಿದೆವು.

ಮಾರ್ಚಿನಲ್ಲಿ ಭೋಗ್ಯದ ಮನೆಯ ಆಂಟಿಗೆ ಹೋಗಿ ಹೇಳಿದೆ, ಜೂನಿಗೆ ಬಿಡ್ತೀವಿ ಅಂತ. "ಖಂಡಿತ ತಾನೆ? ನಾನು ಬೇರೆಯವರ ಹತ್ರ ದುಡ್ಡು ತಗೋಬೇಕು" ಅಂದರು. ಖಂಡಿತ ಅಂದೆ. ಅವರಿಂದ ವಾಪಸ್ ಬರಬೇಕಿದ್ದ 5 ಲಕ್ಷವನ್ನು ಮರದ ಕೆಲಸಕ್ಕೂ ಟೈಲ್ಸಿಗೂ ಅಂತ ಶೀಟಿನಲ್ಲಿ ಮೊದಲೇ ಬರೆದಿಟ್ಟಿದ್ದೆ.

ಜೂನ್ ಬಂತು. ಗೃಹಪ್ರವೇಶದ ಹಿಂದಿನ ರಾತ್ರಿ ಹಾಲ್‌ನ ಗೋಡೆಗೆ ಕೈ ಒತ್ತಿದರೆ ಅಂಗೈ ತಣ್ಣಗಾಗಿ ಒದ್ದೆಯಾಯಿತು. ಬಚ್ಚಲಿಗೆ ಬಾಗಿಲಿಲ್ಲ, ಬೆಡ್‌ಶೀಟ್ ಕಟ್ಟಿದೆವು. ಮುಹೂರ್ತ ತಪ್ಪಬಾರದು ಅಂತ ಹಾಲು ಉಕ್ಕಿಸಿದೆವು ಅಷ್ಟೇ. ಆಂಟಿ ಮನೆಗೆ ಹೊಸಬರು ಸಾಮಾನು ಸಮೇತ ಬಂದಾಗಿತ್ತು. ನಾವು ಬಾಡಿಗೆ ಮನೆಗೆ ಹೋದೆವು. ಒಂದು ಲಕ್ಷ ಅಡ್ವಾನ್ಸ್, ತಿಂಗಳಿಗೆ 10 ಸಾವಿರ. ಮರದ ಕೆಲಸದ ದುಡ್ಡು ಅಲ್ಲಿ ಸಿಕ್ಕಿಕೊಂಡಿತು, ಬಡಗಿ ಬೇರೆ ಕೆಲಸ ಹಿಡಿದ. ನಾವು ನಿಜವಾಗಿ ಹೊಸ ಮನೆಯಲ್ಲಿ ಮಲಗಿದ್ದು ಡಿಸೆಂಬರಿನಲ್ಲಿ. 14 ತಿಂಗಳು.

ಈಗ ನನ್ನ ತಪ್ಪು ಯಾವುದು ಅನ್ನೋದನ್ನ ಸ್ವಲ್ಪ ಉದ್ದವಾಗೇ ಹೇಳ್ತೀನಿ, ಯಾಕಂದ್ರೆ ನೀವೂ ಅದೇ ದಾರಿಯಲ್ಲಿದ್ದೀರಿ. ಶೀಟಿನಲ್ಲಿ ಒಂದು ಕೆಲಸ ಬಿಟ್ಟುಹೋಗಿತ್ತು ಅಂತಲ್ಲ. 42 ಸಾಲೂ ಸರಿ ಇದ್ದವು. ನನ್ನ ಸ್ವಂತ ಅಣ್ಣ ಎರಡು ವರ್ಷ ಹಿಂದೆ ಇದೇ ಊರಿನಲ್ಲಿ, ಇದೇ ಅಳತೆಯ ಮನೆ ಕಟ್ಟಿದ್ದ. 9 ತಿಂಗಳು ಅಂದುಕೊಂಡಿದ್ದ, 15 ತಿಂಗಳು ಹಿಡಿಯಿತು. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಲೆಕ್ಕಕ್ಕೆ ತಗೊಳ್ಳಲಿಲ್ಲ.

ಯಾಕೆ ತಗೊಳ್ಳಲಿಲ್ಲ ಗೊತ್ತಾ? ಅವನಿಗೆ ಯಾಕೆ ತಡವಾಯಿತು ಅನ್ನೋ ಕಾರಣ ನನ್ನ ಹತ್ತಿರ ಇತ್ತು. ಅವನ ಮೇಸ್ತ್ರಿ ಮಧ್ಯದಲ್ಲಿ ಬಿಟ್ಟುಹೋದ. ಮಳೆಗಾಲದಲ್ಲಿ ಪಾಯ ತೋಡಿದ, ನೀರು ನಿಂತಿತು. ಬಾಗಿಲಿನ ಹಸಿ ಮರ ಬಾಗಿತು. ನಾನು ಒಂದೊಂದನ್ನೇ ಹೊಡೆದುಹಾಕಿದೆ. ನಮ್ಮ ಮೇಸ್ತ್ರಿ ಅಪ್ಪನ ಕಾಲದಿಂದ ಗೊತ್ತಿರೋರು. ನಾವು ಮಳೆ ಮುಗಿದ ಮೇಲೆ ಶುರು ಮಾಡ್ತೀವಿ. ಮರ ಒಣಗಿದ್ದೇ ತರ್ತೀವಿ. ಹೀಗೆ ಮೂರೂ ಕಾರಣ ತೆಗೆದ ಮೇಲೆ ಅವನ ಆರು ತಿಂಗಳ ತಡವೂ ಮಾಯವಾದ ಹಾಗೆ ಕಂಡಿತು.

ಆ ಮೂರೂ ನನಗೆ ಆಗಲೇ ಇಲ್ಲ, ನಿಜ. ನನಗೆ ಬೇರೆ ಮೂರು ಆದವು. ಮೇಲಿನ ಮೋಲ್ಡಿಗೆ ಬೇಕಾದ ಸೆಂಟ್ರಿಂಗ್ ಶೀಟುಗಳು ಇನ್ನೊಂದು ಸೈಟಿನಲ್ಲಿ ಸಿಕ್ಕಿಹಾಕಿಕೊಂಡವು. ಸಾಲದ ಮುಂದಿನ ಕಂತಿಗೆ ಬ್ಯಾಂಕಿನ ಇಂಜಿನಿಯರ್ ಬಂದು ನೋಡಬೇಕಿತ್ತು, ಅದು ವಾರಗಟ್ಟಲೆ ಆಯಿತು. ಎಲೆಕ್ಟ್ರಿಷಿಯನ್ ಊರ ಜಾತ್ರೆಗೆ ಹೋದ.

ಜಾತ್ರೆಗೆ ಹೋದರೆ ನಾಲ್ಕು ದಿನ ತಾನೆ ಅನ್ನಿಸುತ್ತೆ. ಮೋಲ್ಡ್ ಹಾಕೋ ದಿನ ಹೇಗಿರುತ್ತೆ ನೋಡಿ. ಸೆಂಟ್ರಿಂಗ್ ಮುಗಿದಿರಬೇಕು, ಕಂಬಿ ಕಟ್ಟಿರಬೇಕು, ಕಾಂಕ್ರೀಟ್ ಬೀಳೋ ಮುಂಚೆ ಎಲೆಕ್ಟ್ರಿಷಿಯನ್ ಬಂದು ಕಂಬಿಗಳ ನಡುವೆ ಪೈಪ್ ಎಳೆದಿರಬೇಕು. ಸಿಮೆಂಟು, ಜೆಲ್ಲಿ, ಎಂ ಸ್ಯಾಂಡ್ ಸೈಟಿನಲ್ಲಿ ಬಿದ್ದಿರಬೇಕು. ಮಿಕ್ಸರ್ ತರೋ ಕಾಂಕ್ರೀಟ್ ಗುಂಪು ಅವತ್ತು ಬಿಡುವಾಗಿರಬೇಕು. ಇದರಲ್ಲಿ ಒಬ್ಬರು ಬರದಿದ್ದರೆ ಎಲ್ಲ ನಿಂತುಹೋಗುತ್ತೆ. ಎಲೆಕ್ಟ್ರಿಷಿಯನ್ ನಾಲ್ಕು ದಿನ ಬಿಟ್ಟು ಬಂದ, ಅಷ್ಟರಲ್ಲಿ ಕಾಂಕ್ರೀಟ್ ಗುಂಪಿನವರು ಬೇರೆ ಕಡೆ ಒಪ್ಪಿಕೊಂಡಿದ್ದರು. ನಮಗೆ ಸಿಕ್ಕ ಮುಂದಿನ ತಾರೀಖು 12 ದಿನ ಆದಮೇಲೆ. ಶೀಟಿನಲ್ಲಿ ಇದಕ್ಕೆ ಸಾಲೇ ಇರಲಿಲ್ಲ, ಇರೋದಕ್ಕೂ ಸಾಧ್ಯವಿಲ್ಲ. ಎಲ್ಲರೂ ಹೇಳಿದ ದಿನ ಬರ್ತಾರೆ ಅನ್ನೋ ಒಂದೇ ದಾರಿಯನ್ನ ಆ ಶೀಟು ಬರೆಯೋದು.

ಅಣ್ಣನ ಕಾರಣಗಳು ನನ್ನ ಮನೆಗೆ ಬರಲಿಲ್ಲ, ಅಣ್ಣನ ತಡ ಬಂತು. ಅವನ ಲೆಕ್ಕವನ್ನೇ ಸುಮ್ನೆ ನನ್ನದಕ್ಕೆ ಹಾಕಿದ್ದರೆ ಏನಾಗ್ತಿತ್ತು? 9 ಅಂದದ್ದು 15 ಆಯಿತು. ಹಾಗಾದ್ರೆ 8 ಅಂದದ್ದು 13 ತಿಂಗಳ ಮೇಲೆ ಚಿಲ್ಲರೆ ದಿನ. ಎರಡು ವಾರ ಕೂತು ಮಾಡಿದ ನನ್ನ ಶೀಟಿಗಿಂತ ಈ ಒಂದು ಸಾಲು ನಿಜಕ್ಕೆ ಎಷ್ಟೋ ಹತ್ತಿರ.

ಆಮೇಲೆ ಓದಿಕೊಂಡಾಗ ಗೊತ್ತಾಯಿತು, ಇದಕ್ಕೆ ಪ್ಲಾನಿಂಗ್ ಫಾಲಸಿ ಅಂತ ಹೆಸರೇ ಇದೆ. 1979ರಲ್ಲಿ ಡೇನಿಯಲ್ ಕಾಹ್ನೆಮನ್ ಮತ್ತು ಅಮೋಸ್ ಟ್ವರ್ಸ್ಕಿ ಅನ್ನೋ ಮನಃಶಾಸ್ತ್ರಜ್ಞರು ಇಟ್ಟ ಹೆಸರು. ಕಾಹ್ನೆಮನ್ ಅವರಿಗೇ ಇದು ಆಗಿತ್ತು. ಇಸ್ರೇಲಿನಲ್ಲಿ ಒಂದು ಶಾಲಾ ಪಠ್ಯ ಬರೆಯೋ ತಂಡದಲ್ಲಿದ್ದರು. ಎಷ್ಟು ದಿನ ಬೇಕು ಅಂತ ಕೇಳಿದಾಗ ಎಲ್ಲರೂ ಎರಡು ವರ್ಷದ ಆಸುಪಾಸು ಅಂದರು. ತಂಡದಲ್ಲೇ ಇದ್ದ ಪಠ್ಯರಚನೆ ತಜ್ಞರನ್ನು, ಇಂಥದೇ ಬೇರೆ ತಂಡಗಳದ್ದು ಹೇಗಾಯಿತು ಅಂತ ಕೇಳಿದರು. ಸುಮಾರು 40% ತಂಡಗಳು ಮುಗಿಸಲೇ ಇಲ್ಲ, ಮುಗಿಸಿದವರಿಗೆ ಏಳರಿಂದ ಹತ್ತು ವರ್ಷ ಹಿಡಿಯಿತು ಅಂದರು ಅವರು. ಎರಡು ವರ್ಷದ ಆಸುಪಾಸು ಅಂದವರಲ್ಲಿ ಇವರೂ ಒಬ್ಬರು! ಕೊನೆಗೆ ಆ ಪುಸ್ತಕಕ್ಕೆ ಎಂಟು ವರ್ಷ ಹಿಡಿಯಿತು. ಅಣ್ಣನ ಮನೆ ಗೊತ್ತಿದ್ದೂ ನಾನು ಮಾಡಿದ್ದು ಇದನ್ನೇ.

ನಿಮ್ಮ 10% ಯಾಕೆ ಸಾಲದು ಅನ್ನೋದಕ್ಕೂ ಒಂದು ಅಧ್ಯಯನ ಇದೆ. 1994ರಲ್ಲಿ ಬ್ಯೂಲರ್, ಗ್ರಿಫಿನ್, ರಾಸ್ ಅನ್ನೋರು ಕೆನಡಾದಲ್ಲಿ ಕೊನೆ ವರ್ಷದ ವಿದ್ಯಾರ್ಥಿಗಳನ್ನು ಪ್ರಬಂಧ ಎಷ್ಟು ದಿನಕ್ಕೆ ಮುಗಿಯುತ್ತೆ ಅಂತ ಕೇಳಿದರು. ಸರಾಸರಿ 34 ದಿನ ಅಂದರು. ಎಲ್ಲಾ ಕೆಟ್ಟದ್ದೇ ಆದರೆ ಎಷ್ಟು ಅಂದಾಗ ಸುಮಾರು 49 ಅಂದರು. ಆಗಿದ್ದು 55 ದಿನಕ್ಕಿಂತ ಜಾಸ್ತಿ. ಅಂದರೆ ಮನಸ್ಸಿನಲ್ಲೇ ಕೂತು ಕೆಟ್ಟದ್ದನ್ನ ಊಹಿಸಿ ಸೇರಿಸೋ ದಿನಗಳೂ ಕಡಿಮೆ ಬೀಳುತ್ತವೆ. 10% ಅನ್ನೋದು ಎಲ್ಲಿಂದ ಬಂತು ಹೇಳಿ? ಯಾವ ಮನೆಯೂ ನಿಮಗೆ ಆ ಅಂಕಿ ಕೊಟ್ಟಿಲ್ಲ ಅಲ್ವಾ?

ಅದಕ್ಕೇ ಇನ್ನೂ ವಿವರವಾದ ಲೆಕ್ಕ ಬೇಡ ಅಂತೀನಿ. ಸಾಲು ಜಾಸ್ತಿ ಆದಷ್ಟೂ ಧೈರ್ಯ ಜಾಸ್ತಿ ಆಗುತ್ತೆ, ದಿನ ಸರಿಹೋಗಲ್ಲ. ಸಾಮಾನು ತರಿಸೋಕೆ, ಯಾರಾದ ಮೇಲೆ ಯಾರು ಅಂತ ನೋಡೋಕೆ ಶೀಟು ಬೇಕು. ಮನೆ ಯಾವಾಗ ಮುಗಿಯುತ್ತೆ ಅನ್ನೋದಕ್ಕೆ ಮುಗಿದ ಮನೆಗಳನ್ನೇ ಕೇಳಬೇಕು.

ನಮ್ಮ ತಂಗಿ ಮನೆ ಕಟ್ಟುವಾಗ ಹಾಗೇ ಮಾಡಿದೆವು. ಅವಳ ಮೇಸ್ತ್ರಿ 10 ತಿಂಗಳು ಅಂದಿದ್ದರು. ನಾನು, ಅವಳು ಎರಡು ಭಾನುವಾರ ಓಡಾಡಿ, ಹೆಚ್ಚುಕಡಿಮೆ ಅಷ್ಟೇ ಚದರದ, ಕೂಲಿ ಗುತ್ತಿಗೆಯಲ್ಲೇ ಕಟ್ಟಿಸಿದ 10 ಮನೆ ಹಿಡಿದೆವು. ಪೂರ್ತಿ ಗುತ್ತಿಗೆಗೆ ಕೊಟ್ಟವರನ್ನ ಬಿಟ್ಟೆವು, ಅದರ ಲೆಕ್ಕ ಬೇರೆ. ಪ್ರತಿ ಮನೆಗೆ ಎರಡೇ ಪ್ರಶ್ನೆ. ಶುರುವಿನಲ್ಲಿ ಎಷ್ಟು ತಿಂಗಳು ಅಂದುಕೊಂಡಿರಿ, ಅಡುಗೆ ಮಾಡಿಕೊಂಡು ಇರೋಕೆ ಶುರು ಮಾಡಿದ್ದು ಯಾವಾಗ?

ಗೃಹಪ್ರವೇಶದ ತಾರೀಖು ಕೇಳಬೇಡಿ, ಅದು ನಂಬೋ ಹಾಗಿಲ್ಲ. ನಮ್ಮದೇ ನೋಡಿದಿರಲ್ಲ, ಹಾಲು ಉಕ್ಕಿದ ಆರು ತಿಂಗಳಿಗೆ ನಾವು ಹೋಗಿದ್ದು. ಜನರ ನೆನಪೂ ಅಷ್ಟೇ. "ಒಂದೆರಡು ತಿಂಗಳು ಲೇಟಾಯ್ತು ಅಷ್ಟೇ" ಅಂದ ಒಬ್ಬರು ಸಾಲದ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ ಐದು ತಿಂಗಳು! ಪಾಯಕ್ಕೆ, ಮೋಲ್ಡಿಗೆ, ಪ್ಲಾಸ್ಟರಿಂಗಿಗೆ ಕಂತು ಬಿಡುಗಡೆಯಾದ ತಾರೀಖು ಅದರಲ್ಲಿರುತ್ತೆ. ತಾತ್ಕಾಲಿಕ ಕರೆಂಟ್ ಹೋಗಿ ಕಾಯಂ ಮೀಟರಿನ ಮೊದಲ ಬಿಲ್ ಬಂದ ತಿಂಗಳನ್ನೂ ಕೇಳಿ.

ಆಗಿದ್ದನ್ನ ಅಂದುಕೊಂಡಿದ್ದರಿಂದ ಭಾಗಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಬರೆದೆವು. 1.1, 1.2, 1.3, 1.4, 1.5, 1.5, 1.7, 1.8, 2. ಹತ್ತನೆಯದು ಇನ್ನೂ ಮುಗಿದೇ ಇಲ್ಲ, ಕಂಬದ ಮೇಲೆ ಕಂಬಿ ತುಕ್ಕು ಹಿಡಿದು ನಿಂತಿದೆ. ಅದನ್ನೂ ಪಟ್ಟಿಯಿಂದ ತೆಗೆಯಬಾರದು, ಕೊನೆಯಲ್ಲಿ ಇಡಬೇಕು. ಮುಗಿದ ಮನೆಗಳನ್ನಷ್ಟೇ ಎಣಿಸಿದರೆ ಮತ್ತೆ ಅದೇ ಸಿಹಿ ಲೆಕ್ಕ ಬರುತ್ತೆ. ಹೇಳಿದ ದಿನಕ್ಕೆ ಮುಗಿಸಿದ ಮನೆ ಒಂದೂ ಇರಲಿಲ್ಲ.

ನಡುವಿನ ಅಂಕಿ 1.5. ಅಂದರೆ 10 ತಿಂಗಳಿಗೆ 15, ಅಷ್ಟರೊಳಗೆ ಮುಗಿಯೋ ಸಾಧ್ಯತೆ ಅರ್ಧಕ್ಕರ್ಧ. ಎಂಟನೆಯದು 1.8. ಹತ್ತರಲ್ಲಿ ಎಂಟು ಮನೆ ಅಷ್ಟರೊಳಗೆ ಮುಗಿದಿವೆ, ಅಂದರೆ 18 ತಿಂಗಳು. ಹತ್ತು ಮನೆ ಅನ್ನೋದು ಸಣ್ಣ ಲೆಕ್ಕ, 1.5 ನಿಜಕ್ಕೂ 1.4 ಇರಬಹುದು, 1.6 ಇರಬಹುದು. 10% ಸಾಲದು ಅಂತ ಹೇಳೋಕೆ ಅಷ್ಟು ಧಾರಾಳ ಸಾಕು.

ನನ್ನ ಅಂಕಿಗಳನ್ನ ಹಾಗೇ ತಗೋಬೇಡಿ, ನಿಮ್ಮೂರಿನದ್ದು ಹುಡುಕಿ. ಹುಡುಕಿದ ಮೇಲೆ "ನಮ್ಮ ಮೇಸ್ತ್ರಿ ಒಳ್ಳೆಯವರು" ಅಂತ 1.5 ಅನ್ನು 1.2 ಮಾಡಬೇಡಿ. ಆ ಹತ್ತು ಜನರೂ ತಮ್ಮ ಮೇಸ್ತ್ರಿ ಒಳ್ಳೆಯವರು ಅಂತಲೇ ಕೆಲಸ ಕೊಟ್ಟಿದ್ದರು. ಇನ್ನೊಂದು, ಈ ದೊಡ್ಡ ಅಂಕಿಯನ್ನ ಮೇಸ್ತ್ರಿಗೆ ಹೇಳಬೇಡಿ. 18 ತಿಂಗಳಿದೆ ಅಂತ ಗೊತ್ತಾದರೆ ಕೂಲಿಯವರು ಬೇರೆ ಸೈಟಿಗೆ ಹೋಗ್ತಾರೆ. ಮೇಸ್ತ್ರಿ ಜೊತೆ ಅವರು ಹೇಳಿದ 10 ತಿಂಗಳ ಮಾತೇ ಇರಲಿ. ದುಡ್ಡು, ಭೋಗ್ಯ, ಮಕ್ಕಳ ಸ್ಕೂಲು ಇದಕ್ಕೆಲ್ಲ 18 ಇಟ್ಟುಕೊಳ್ಳಿ.

ತಂಗಿ ಹಾಗೇ ಮಾಡಿದಳು. ಭೋಗ್ಯದ ದುಡ್ಡನ್ನ ಮನೆಯ ಲೆಕ್ಕಕ್ಕೆ ಸೇರಿಸಲೇ ಇಲ್ಲ, ಕಾಯಂ ಮೀಟರ್ ಕೂರೋವರೆಗೆ ಮನೆ ಬಿಡ್ತೀವಿ ಅಂತ ಬಾಯಿ ಬಿಡಲಿಲ್ಲ. 11ನೇ ತಿಂಗಳಲ್ಲಿ ಭಾವ ಅವಸರ ಮಾಡಿದರು, "ಇನ್ನೇನು ಟೈಲ್ಸ್ ಒಂದೇ ಬಾಕಿ, ಹೇಳಿಬಿಡೋಣ" ಅಂತ. ಅವಳು ಅಡುಗೆಮನೆ ಗೋಡೆಗೆ ಅಂಟಿಸಿದ್ದ ಆ ಹತ್ತು ಮನೆಗಳ ಚೀಟಿ ತೋರಿಸಿದಳು. ಅವರು ಆ ಮನೆಗೆ ಹೋಗಿದ್ದು 16ನೇ ತಿಂಗಳಲ್ಲಿ. ಹೋದ ದಿನ ಬಚ್ಚಲಿಗೆ ಬಾಗಿಲಿತ್ತು.