ಎಣಿಕೆ ತಾಳೆಯಾಗದಿದ್ದರೆ ಮೊದಲು ಏನು ನೋಡಬೇಕು?

ಪ್ರಶ್ನೆ: ನಮ್ಮದು ಹುಬ್ಬಳ್ಳಿಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ಅಂಗಡಿ. ವಾರಕ್ಕೊಮ್ಮೆ ಒಂದಷ್ಟು ಐಟಂ ಎಣಿಸುತ್ತೇವೆ. ಮೊನ್ನೆ 16 ಆಂಪ್ ಎಂಸಿಬಿ ಕಂಪ್ಯೂಟರ್‌ನಲ್ಲಿ 412 ಇತ್ತು, ಎಣಿಸಿದರೆ 374. ಅದೇ ದಿನ 20 ಆಂಪ್‌ನದ್ದು 12 ಜಾಸ್ತಿ ಬಂತು. ಸ್ಟೋರ್ ನೋಡಿಕೊಳ್ಳುವ ಹುಡುಗ ಎಣಿಸಿದ ಸಂಖ್ಯೆಯನ್ನೇ ಹಾಕಿ ಸರಿ ಮಾಡಿಬಿಟ್ಟ. ಬೆಳಿಗ್ಗೆ 16 ಆಂಪ್‌ನದ್ದೇ 12 ಪೀಸ್‌ನ ಎರಡು ಬಾಕ್ಸ್ ಚಲನ್ ಮೇಲೆ ಹೋಗಿತ್ತು, ಬಿಲ್ ಸಂಜೆ ಮಾಡಿದ್ದು. ಪ್ರತಿಯೊಂದಕ್ಕೂ ನನ್ನ ಒಪ್ಪಿಗೆ ಕೇಳು ಅಂದರೆ ಕೆಲಸ ನಿಲ್ಲುತ್ತೆ ಅಂತಾನೆ. ಏನು ಮಾಡಲಿ?

ಉತ್ತರ: ಹುಡುಗನ ಎಣಿಕೆ ಸರಿಯಾಗಿಯೇ ಇರಬಹುದು. ಆತುರಪಟ್ಟಿದ್ದು ಕಂಪ್ಯೂಟರ್‌ನಲ್ಲಿ.

ಕಡಿಮೆ ಬಿದ್ದದ್ದು 38. ಇದರಲ್ಲಿ 24 ಕಾಣೆಯಾಗಿಯೇ ಇಲ್ಲ, ಚಲನ್ ಮೇಲೆ ಹೋದ ಎರಡು ಬಾಕ್ಸ್ ಅದು. ಮಾಲು ರ‍್ಯಾಕ್‌ನಿಂದ ಹೋಗಿತ್ತು, ಲೆಕ್ಕದಿಂದ ಹೋಗಿರಲಿಲ್ಲ. ಹುಡುಗ ಸ್ಟಾಕನ್ನು 374ಕ್ಕೆ ಇಳಿಸಿದ. ಸಂಜೆ ಬಿಲ್ ಹಾಕಿದ ಕೂಡಲೇ ಕಂಪ್ಯೂಟರ್ ಇನ್ನೂ 24 ಕಳೆದು 350ಕ್ಕೆ ಬಂದಿರುತ್ತದೆ, ರ‍್ಯಾಕ್‌ನಲ್ಲಿ ಮಾತ್ರ 374 ಹಾಗೇ ಇವೆ. ಮುಂದಿನ ಎಣಿಕೆಯಲ್ಲಿ 24 ಜಾಸ್ತಿ ಬರುತ್ತದೆ. ಆಗ ಅವನು ಮತ್ತೆ ಸರಿ ಮಾಡುತ್ತಾನೆ. ಹೀಗೆ ನೀವೇ ವ್ಯತ್ಯಾಸ ಹುಟ್ಟಿಸಿಕೊಂಡು, ನೀವೇ ಅಳಿಸಿಕೊಳ್ಳುತ್ತಾ ಇರುತ್ತೀರಿ.

ಅದಕ್ಕೇ ಅಂಗಡಿ ತೆರೆಯುವ ಮೊದಲು ಎಣಿಸಿ. ಎಣಿಕೆ ಹಾಳೆಯ ಮೇಲೆ ಕೊನೆಯ ಬಿಲ್ ನಂಬರ್, ಕೊನೆಯ ಚಲನ್ ನಂಬರ್, ಕೊನೆಯದಾಗಿ ಒಳಬಂದ ಮಾಲಿನ ಬಿಲ್ ನಂಬರ್ ಬರೆದಿಡಿ. ಬಿಲ್ ಆಗದ ಚಲನ್ ಇದ್ದರೆ ಮೊದಲು ಅದನ್ನು ಕಳೆದು, ಆಮೇಲೆ ಹೋಲಿಸಿ. ಆದರೆ ಹಾಳೆಯಲ್ಲಿ ಕಂಪ್ಯೂಟರ್‌ನ ಸಂಖ್ಯೆ ಇರಲೇಬಾರದು. 412 ಅಂತ ಕಣ್ಣಿಗೆ ಬಿದ್ದರೆ ಕೈ ತಾನಾಗಿ 412ರ ಹತ್ತಿರ ಹೋಗುತ್ತದೆ.

ಇನ್ನು ಉಳಿದದ್ದು 14. ಅದರಲ್ಲಿ 12 ಅಂದರೆ ಸರಿಯಾಗಿ ಒಂದು ಬಾಕ್ಸ್, ಅಷ್ಟೇ 20 ಆಂಪ್‌ನಲ್ಲಿ ಜಾಸ್ತಿ ಬಂದಿದೆ. ಪೂರ್ತಿ ಬಾಕ್ಸಿನ ಲೆಕ್ಕದಲ್ಲಿ ವ್ಯತ್ಯಾಸ ಬಂದರೆ ಕಳ್ಳತನಕ್ಕಿಂತ ಅದಲುಬದಲನ್ನು ಮೊದಲು ಅನುಮಾನಿಸಿ. ದಾರಿ ಎರಡಿವೆ. ಸಪ್ಲೈಯರ್ 16ರ ಬಿಲ್ ಹಾಕಿ 20ರ ಬಾಕ್ಸ್ ಕಳಿಸಿರಬಹುದು; ನೀವು ಬಾಕ್ಸ್ ಎಣಿಸಿದಿರಿ, ಮೇಲಿನ ಆಂಪ್ ಓದಲಿಲ್ಲ. ಇಲ್ಲವೇ ಗಿರಾಕಿಗೆ 20ರ ಬಿಲ್ ಮಾಡಿ 16 ಕೊಟ್ಟಿರಬಹುದು. ಹೋದ ಎಣಿಕೆಯ ನಂತರದ ಖರೀದಿ ಬಿಲ್‌ಗಳನ್ನೂ 20 ಆಂಪ್‌ನ ಮಾರಾಟ ಬಿಲ್‌ಗಳನ್ನೂ ಎದುರಿಗಿಟ್ಟುಕೊಳ್ಳಿ. ಬಾಕ್ಸ್ ಲೆಕ್ಕದಲ್ಲಿ ಹೋದ ಬಿಲ್‌ಗಳು ಹೆಚ್ಚೇನೂ ಇರುವುದಿಲ್ಲ, ಆ ಗಿರಾಕಿಗಳಿಗೆ ಫೋನ್ ಮಾಡಿ ಕೇಳಿಬಿಡಿ. ಅಲ್ಲಿ ಬದಲಾಗಿದ್ದರೆ ಮಾಲು ಬದಲಿಸಿ ಕೊಟ್ಟರೆ ಆಯ್ತು, ಸ್ಟಾಕ್ ತಾನೇ ಸರಿಹೋಗುತ್ತದೆ. (ಇದೇ ಅದಲುಬದಲು ಉಲ್ಟಾ ಆಗಿದ್ದರೆ ಕಾಯಬೇಡಿ. 16 ಬೇಕಾದ ವೈರಿಂಗ್‌ಗೆ 20 ಕೂರಿಸಿದರೆ ವೈರ್ ಬಿಸಿಯಾದರೂ ಅದು ಟ್ರಿಪ್ ಆಗದೆ ಇರಬಹುದು.)

ಸಪ್ಲೈಯರ್ ಕಡೆಯ ತಪ್ಪಾಗಿದ್ದು, ಮಾಲು ನೀವೇ ಇಟ್ಟುಕೊಳ್ಳುವುದಾದರೆ 16ರಲ್ಲಿ 12 ಕಡಿಮೆ, 20ರಲ್ಲಿ 12 ಹೆಚ್ಚು ಮಾಡಬೇಕು. ಒಪ್ಪಿಗೆಯ ವಿಷಯ ಬರುವುದು ಇಲ್ಲೇ. ಎರಡಕ್ಕೂ ಒಂದೇ ಬೆಲೆ ಇದ್ದರೆ ಒಟ್ಟು ವ್ಯತ್ಯಾಸ ಸೊನ್ನೆ ತೋರಿಸುತ್ತದೆ. ಸೊನ್ನೆ ಅಲ್ವಾ ಅಂತ ಸುಮ್ನೆ ಬಿಡಬೇಡಿ. ಕೂಡಿಸಿ ಕಳೆದು ನೋಡಿದರೆ ಒಂದು ಐಟಂನ ಕಳ್ಳತನ ಇನ್ನೊಂದರ ಹೆಚ್ಚಳದ ಹಿಂದೆ ಅಡಗಿಕೊಳ್ಳುತ್ತದೆ. ಎಷ್ಟು ವ್ಯತ್ಯಾಸಕ್ಕೆ ನಿಮ್ಮ ಒಪ್ಪಿಗೆ ಬೇಕು ಅನ್ನುವ ಮಿತಿ ಪ್ರತಿ ಐಟಂಗೆ ಬೇರೆಯಾಗಿ ಇರಲಿ, ಪ್ಲಸ್ ಆಗಲಿ ಮೈನಸ್ ಆಗಲಿ.

ಕೆಲಸ ನಿಲ್ಲುತ್ತೆ ಅನ್ನುವ ಅವನ ಮಾತನ್ನೂ ತಳ್ಳಿಹಾಕುವಂತಿಲ್ಲ. ಐಟಂಗೆ 500 ರೂಪಾಯಿವರೆಗಿನ ವ್ಯತ್ಯಾಸವನ್ನು ಕೌಂಟರ್ ನೋಡಿಕೊಳ್ಳುವವರು ಒಪ್ಪಲಿ, ಅದಕ್ಕಿಂತ ಹೆಚ್ಚಿನದು ನಿಮ್ಮ ಹತ್ತಿರ ಬರಲಿ. ಈ 500 ನನ್ನ ಅಂದಾಜು, ನಿಮ್ಮ ಮಾಲಿನ ಬೆಲೆ ನೋಡಿ ಬದಲಿಸಿಕೊಳ್ಳಿ. ಆದರೆ ಎಣಿಸಿದವನೇ ಒಪ್ಪುವಂತಾಗಬಾರದು. ಮಿತಿ ದಾಟಿದ ಐಟಂನ್ನು ನಿಮ್ಮ ಹತ್ತಿರ ತರುವ ಮೊದಲು ಬೇರೊಬ್ಬರು ಮತ್ತೆ ಎಣಿಸಲಿ. ಒಪ್ಪಿಗೆ ಸಿಗುವ ತನಕ ಕಂಪ್ಯೂಟರ್‌ನಲ್ಲಿ ಹಳೆಯ ಸಂಖ್ಯೆಯೇ ಇದ್ದರೂ ಮಾರಾಟ ನಿಲ್ಲುವುದಿಲ್ಲ, ನಡುವೆ ಆದ ಬಿಲ್‌ಗಳೂ ಎಂದಿನಂತೆ ಕಳೆಯುತ್ತಾ ಹೋಗುತ್ತವೆ. ಒಪ್ಪಿದ ಮೇಲೆ ಹಾಕಬೇಕಾದ್ದು ವ್ಯತ್ಯಾಸವನ್ನು ಮಾತ್ರ. ಎಣಿಸಿದ ದಿನದ ಸಂಖ್ಯೆಯನ್ನಲ್ಲ. ತಿಂಗಳಿಗೊಮ್ಮೆ ಸಣ್ಣ ಹೊಂದಾಣಿಕೆಗಳ ಪಟ್ಟಿ ತೆಗೆಸಿ. ಒಂದೇ ಐಟಂ ಪ್ರತಿ ಸಲ 400, 450 ಅಂತ ಮಿತಿಯ ಕೆಳಗೇ ಸುತ್ತುತ್ತಿದ್ದರೆ ಅದನ್ನು ನೀವೇ ಹೋಗಿ ಎಣಿಸಿ.

ಕೊನೆಗೆ ಉಳಿಯುವುದು 2 ಪೀಸ್. ಮತ್ತೆ ಎಣಿಸಿ, ಡಿಸ್‌ಪ್ಲೇ ಬೋರ್ಡ್‌ಗೆ ಹಾಕಿದ್ದು, ವಾಪಸ್ ಬಂದ ಮಾಲಿನ ಡಬ್ಬ ಎರಡನ್ನೂ ನೋಡಿ. ಅಲ್ಲೂ ಸಿಗದಿದ್ದರೆ ಅದು ನಿಜವಾದ ನಷ್ಟ. ಕಾರಣ ಬರೆದು, ಒಪ್ಪಿಗೆ ಪಡೆದು ತೆಗೆಯಿರಿ. ಕಾರಣದ ಜಾಗದಲ್ಲಿ 'ಸ್ಟಾಕ್ ಸರಿಪಡಿಸಿದ್ದು' ಅಂತ ಬರೆಯಬೇಡಿ, ಅದು ಏನನ್ನೂ ಹೇಳುವುದಿಲ್ಲ. ಕಳೆದುಹೋದ, ಕಳುವಾದ ಅಥವಾ ಲೆಕ್ಕದಿಂದ ತೆಗೆದುಹಾಕಿದ ಮಾಲಿಗೆ ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಹಾಗಾಗಿ ಆ 2 ಪೀಸ್‌ಗೆ ತೆಗೆದುಕೊಂಡ ಕ್ರೆಡಿಟ್ ವಾಪಸ್ ಮಾಡಬೇಕು. ಹುಡುಗ ಹಾಕಿದ 38ರ ಎಂಟ್ರಿ ಹಾಗೇ ಉಳಿದಿದ್ದರೆ ನಿಮ್ಮ ಅಕೌಂಟೆಂಟ್ ಅಷ್ಟಕ್ಕೂ ಕ್ರೆಡಿಟ್ ಬಿಟ್ಟುಕೊಟ್ಟಿರಬಹುದು. ಈ ತಿಂಗಳ ರಿಟರ್ನ್ ಹಾಕುವ ಮುಂಚೆ ಆ ಎಂಟ್ರಿಯನ್ನು ರದ್ದು ಮಾಡಿಸಿ.